ಎಕ್ಸ್‌ಎಕ್ಸ್‌ಎಲ್‌ಗೆ ಕೂರದ ತೋಳು ಮತ್ತು ಒಂದು ಅರ್ಜಿ

ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ರಫ್ತು ಕಂಪನಿಯೊಂದಕ್ಕೆ ಪ್ಯಾಟರ್ನ್ ಮಾಸ್ಟರ್ ಒಬ್ಬರು ಅರ್ಜಿ ಹಾಕುತ್ತಾರೆ ಎನ್ನೋಣ. ಬಯೋಡೇಟಾದ ಜೊತೆ ಒಂದು ಪುಟದ ಪತ್ರ ಇರಬೇಕು. ಅದರಲ್ಲಿ ‘ಗ್ರೇಡಿಂಗ್ ಮತ್ತು ಫಿಟ್‌ನಲ್ಲಿ ಒಳ್ಳೆಯ ಅನುಭವವಿದೆ’ ಎಂದು ಬರೆದರೆ, ಓದುವ ಟೆಕ್ನಿಕಲ್ ಮ್ಯಾನೇಜರಿಗೆ ಏನೂ ತಿಳಿದಂತಾಗುವುದಿಲ್ಲ. ಅದೇ ಮಾತನ್ನು ಎಲ್ಲರೂ ಬರೆದಿರುತ್ತಾರೆ.

ಈ ಕೆಲಸ ಏನೆಂದು ಮೊದಲು ನೋಡೋಣ. ವಿದೇಶದ ಖರೀದಿದಾರರು ಅಳತೆಪಟ್ಟಿ ಇರುವ ಟೆಕ್‌ಪ್ಯಾಕ್ ಕಳಿಸುತ್ತಾರೆ. ಮಾಸ್ಟರ್ ಒಂದು ಮೂಲ ಸೈಜಿಗೆ, ಹೆಚ್ಚಾಗಿ ಎಂ‌ಗೆ, ಪ್ಯಾಟರ್ನ್ ತೆಗೆಯುತ್ತಾರೆ. ಅದರಲ್ಲಿ ಹೊಲಿದ ಸ್ಯಾಂಪಲ್ಲನ್ನು ಆ ಕಡೆಯವರು ಮಾಡೆಲ್‌ಗೆ ತೊಡಿಸಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲ ಎಂದು ಫಿಟ್ ಕಾಮೆಂಟ್ ಬರೆದು ಕಳಿಸುತ್ತಾರೆ. ಎಂ ಒಪ್ಪಿಗೆಯಾದ ಮೇಲೆ ಅದನ್ನೇ ಎಸ್‌ನಿಂದ ಎಕ್ಸ್‌ಎಕ್ಸ್‌ಎಲ್‌ವರೆಗೆ ಕುಗ್ಗಿಸಿ, ಹಿಗ್ಗಿಸಿ ತೆಗೆಯುವುದೇ ಗ್ರೇಡಿಂಗ್. ನಂತರ ಎಲ್ಲ ಸೈಜಿನದೂ ಒಂದೊಂದು ಹೊಲಿದು ನೋಡುತ್ತಾರೆ. ಅದಕ್ಕೆ ಸೈಜ್ ಸೆಟ್ ಎಂದು ಹೆಸರು.

ಎಂ ಚೆನ್ನಾಗಿ ಕೂತ ಮೇಲೂ ಸೈಜ್ ಸೆಟ್‌ನಲ್ಲಿ ದೊಡ್ಡ ಸೈಜು ಕೈಕೊಡುವುದುಂಟು. ಅರ್ಜಿದಾರರು ತಮ್ಮ ಪತ್ರದ ನಡುವೆ ಇಡಬೇಕಾದದ್ದು ಇಂಥದೊಂದು ಪ್ರಸಂಗವನ್ನೇ. ಪತ್ರ ಹೋಗುವುದು ಇಂಗ್ಲಿಷಿನಲ್ಲೇ; ಇಲ್ಲಿ ಅದರ ನಮೂನೆಯನ್ನು ಕನ್ನಡದಲ್ಲಿ ಕೊಟ್ಟಿದೆ:

“ಮಹಿಳೆಯರ ಕಾಟನ್ ಶರ್ಟ್ ಒಂದರ ಸೈಜ್ ಸೆಟ್‌ನಲ್ಲಿ ಎಕ್ಸ್‌ಎಕ್ಸ್‌ಎಲ್‌ನ ತೋಳಿನ ತಲೆಯಲ್ಲಿ ಸುಕ್ಕು ಬರುತ್ತಿತ್ತು. ಎದೆ, ಭುಜ, ಉದ್ದ ಎಲ್ಲವೂ ಅಳತೆಪಟ್ಟಿಗೆ ಸರಿಯಾಗಿದ್ದವು. ಕಂಕುಳ ಸುತ್ತಿನ ಹೊಲಿಗೆಯನ್ನೂ ತೋಳಿನ ತಲೆಯನ್ನೂ ಪ್ರತಿ ಸೈಜಿನಲ್ಲಿ ಅಳೆದು ನೋಡಿದೆ. ಎಂ‌ನಲ್ಲಿ ಕಂಕುಳ ಸುತ್ತು 46 ಸೆಂ.ಮೀ., ತೋಳಿನ ತಲೆ 47.2. ಆದರೆ ಪ್ರತಿ ಸೈಜಿಗೆ ಮೊದಲನೆಯದು 1.5 ಸೆಂ.ಮೀ. ಬೆಳೆದರೆ ಎರಡನೆಯದು 2.1 ಬೆಳೆಯುತ್ತಿತ್ತು. ತೋಳಿನ ಅಗಲ ಮುಟ್ಟದೆ, ತಲೆಯ ಎತ್ತರದ ಏರಿಕೆಯನ್ನು ತಗ್ಗಿಸಿ ಎರಡೂ ಸಮನಾಗಿ ಬೆಳೆಯುವಂತೆ ಮಾಡಿದೆ.”

ಇಷ್ಟರಲ್ಲಿ ಮ್ಯಾನೇಜರಿಗೆ ಬೇಕಾದದ್ದೆಲ್ಲ ಇದೆ. ತೋಳಿನ ತಲೆ ಕಂಕುಳ ಸುತ್ತಿಗಿಂತ ತುಸು ಹೆಚ್ಚಿರಬೇಕು. ಆ ಹೆಚ್ಚುವರಿಯನ್ನು ಹೊಲಿಯುವವರು ಸುಕ್ಕು ಕಾಣದಂತೆ ಒಳಗೆ ಸೇರಿಸುತ್ತಾರೆ. ಎಂ‌ನಲ್ಲಿ ಅದು 1.2 ಸೆಂ.ಮೀ. ಇತ್ತು. ಸೈಜಿಗೆ 6 ಮಿ.ಮೀ. ಕೂಡುತ್ತಾ ಹೋದರೆ ಎಕ್ಸ್‌ಎಕ್ಸ್‌ಎಲ್‌ಗೆ ಬರುವ ಹೊತ್ತಿಗೆ 3 ಸೆಂ.ಮೀ. ಆಗುತ್ತದೆ. ಹಿಗ್ಗದ ತೆಳು ಕಾಟನ್ನಿನಲ್ಲಿ ಅಷ್ಟನ್ನು ಯಾವ ಟೈಲರಿನ ಕೈಯಲ್ಲೂ ಅಡಗಿಸಲಾಗದು. ಎಸ್‌ನಲ್ಲಿ ಉಳಿಯುವುದು ಬರೀ 6 ಮಿ.ಮೀ.; ಅಲ್ಲಿ ತೋಳು ಬಿಗಿ. ತಪ್ಪು ಲೈನ್‌ನಲ್ಲಿ ಕೂತವರದಲ್ಲ, ಗ್ರೇಡ್ ಪಟ್ಟಿಯದು. ಅದನ್ನು ಪತ್ತೆ ಹಚ್ಚಬಲ್ಲವರು ಸಾವಿರಾರು ಪೀಸು ಕಟಿಂಗ್‌ಗೆ ಹೋಗುವ ಮೊದಲೇ ಹಿಡಿಯುತ್ತಾರೆ.

ಫಿಟ್‌ನ ಮಾತಿಗೂ ಹೀಗೆಯೇ ಒಂದು ಉದಾಹರಣೆ ಸಾಕು. ಹಿಂಭಾಗದ ಕುತ್ತಿಗೆಯ ಕೆಳಗೆ ಅಡ್ಡ ಮಡಿಕೆ ಬೀಳುತ್ತದೆ ಎಂದು ಕಾಮೆಂಟ್ ಬಂದರೆ, ಹೊಸಬರು ಕುತ್ತಿಗೆಯನ್ನೇ ಕೆಳಗೆ ಕತ್ತರಿಸಿಬಿಡುತ್ತಾರೆ. ಇದಕ್ಕೆ ಎಷ್ಟೋ ಸಲ ಕಾರಣ ಭುಜದ ಇಳಿಜಾರು. ಮಾಡೆಲ್‌ನ ಭುಜ ನೆಟ್ಟಗಿದ್ದು ಪ್ಯಾಟರ್ನಿನದು ಹೆಚ್ಚು ಇಳಿದಿದ್ದರೆ ಬಟ್ಟೆ ಮೇಲೆ ಸರಿದು ಕುತ್ತಿಗೆಯ ಬುಡದಲ್ಲಿ ಮಡಚಿಕೊಳ್ಳುತ್ತದೆ. ಭುಜದ ತುದಿಯನ್ನು ಏರಿಸಬೇಕು. ಹಾಗೆ 6 ಮಿ.ಮೀ. ಏರಿಸಿದಾಗ ಕಂಕುಳ ಸುತ್ತು ಹಿಂದೆ ಮುಂದೆ ಎರಡೂ ಕಡೆ ಬೆಳೆಯುತ್ತದೆ, ಆದ್ದರಿಂದ ಕಂಕುಳ ಬಿಂದುವನ್ನೂ ಅಷ್ಟೇ ಏರಿಸಬೇಕು. ಇಲ್ಲದಿದ್ದರೆ ತೋಳಿನ ಲೆಕ್ಕ ಮತ್ತೆ ತಪ್ಪುತ್ತದೆ. ಈ ಎರಡನೆಯ ಹೆಜ್ಜೆಯನ್ನು ಪತ್ರದಲ್ಲಿ ಬರೆದವರು ಕೆಲಸ ಬಲ್ಲವರೆಂದು ಓದಿದವರಿಗೆ ಖಾತ್ರಿಯಾಗುತ್ತದೆ.

ಗರ್ಬರ್, ಲೆಕ್ಟ್ರಾ, ಟುಕಾಕ್ಯಾಡ್ ಬರುತ್ತದೆ ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. ಸಾಫ್ಟ್‌ವೇರ್ ಪಟ್ಟಿಯಲ್ಲಿ ಹಾಕಿದ ಅಂಕೆಯಷ್ಟೇ ಬಿಂದುಗಳನ್ನು ಸರಿಸುತ್ತದೆ. ಅಂಕೆ ತಪ್ಪಿದ್ದರೆ ತಪ್ಪನ್ನೇ ಅಂದವಾಗಿ ಎಲ್ಲ ಸೈಜಿಗೂ ಹಂಚುತ್ತದೆ. ಹಾಗಾಗಿ ‘ಗ್ರೇಡ್ ಮಾಡಿದ ಮೇಲೆ ಪ್ರತಿ ಸೈಜಿನ ಸೇರುವ ಹೊಲಿಗೆಗಳನ್ನು ಅಳೆದು ತಾಳೆ ನೋಡುತ್ತೇನೆ’ ಎಂಬ ಸಾಲಿಗೆ ತೂಕ ಹೆಚ್ಚು. ಒಗೆದಾಗ ಬಟ್ಟೆ ಉದ್ದದಲ್ಲಿ ಶೇ. 3 ಕುಗ್ಗುವುದಾದರೆ 70 ಸೆಂ.ಮೀ. ಉದ್ದಕ್ಕೆ ಪ್ಯಾಟರ್ನಿನಲ್ಲಿ ಸುಮಾರು 72.2 ಇಡುತ್ತೇನೆ ಎಂದರೂ ಸರಿಯೇ. 70ರ ಮೇಲೆ ಶೇ. 3 ಕೂಡಿಸಿ 72.1 ಎನ್ನುವವರಿಗೂ, 70ನ್ನು 0.97ರಿಂದ ಭಾಗಿಸುವವರಿಗೂ ಇಲ್ಲಿ ವ್ಯತ್ಯಾಸ ಚಿಕ್ಕದು, ಕುಗ್ಗುವಿಕೆ ಶೇ. 8 ಇರುವ ಬಟ್ಟೆಯಲ್ಲಿ ಅದು ಅರ್ಧ ಸೆಂಟಿಮೀಟರಿಗೆ ಹತ್ತಿರವಾಗುತ್ತದೆ.

ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಹಳೆಯ ಕಂಪನಿಯ ಟೆಕ್‌ಪ್ಯಾಕ್ ಅಥವಾ ಪ್ಯಾಟರ್ನ್ ಫೈಲನ್ನು ಪತ್ರಕ್ಕೆ ಲಗತ್ತಿಸಬಾರದು. ಅವು ಆ ಕಂಪನಿಯ, ಅದರ ಖರೀದಿದಾರರ ಸ್ವತ್ತು. ಇಲ್ಲಿಯದನ್ನು ಅಲ್ಲಿಗೆ ಒಯ್ದವರು ನಾಳೆ ತಮ್ಮದನ್ನೂ ಒಯ್ಯುತ್ತಾರೆಂದು ಹೊಸ ಕಂಪನಿ ಲೆಕ್ಕ ಹಾಕುತ್ತದೆ. ಬದಲಿಗೆ ಸ್ವಂತವಾಗಿ ತೆಗೆದ ಒಂದು ಶರ್ಟಿನ ಪ್ಯಾಟರ್ನನ್ನು ಎಲ್ಲ ಸೈಜುಗಳೂ ಒಂದರ ಮೇಲೊಂದು ಕಾಣುವಂತೆ ಮುದ್ರಿಸಿ, ಪಕ್ಕದಲ್ಲಿ ಕಂಕುಳ ಸುತ್ತು ಮತ್ತು ತೋಳಿನ ತಲೆಯ ಅಳತೆಗಳನ್ನು ಸೈಜುವಾರು ಬರೆದು ಒಂದು ಹಾಳೆಯಲ್ಲಿ ಕಳಿಸಿ.