ಚಳಿಗೆ ಸೆಲ್ಫ್ ಕೈಕೊಟ್ಟಾಗ

ಡಿಸೆಂಬರಿನ ಬೆಳಗ್ಗೆ ಮಡಿಕೇರಿಯಲ್ಲಿ ಸೆಲ್ಫ್ ಬಟನ್ ಒತ್ತಿದರೆ ಬೈಕು ಕಟ್ ಕಟ್ ಎಂದು ಸುಮ್ಮನಾಗುತ್ತದೆ. ಹೆಚ್ಚಿನವರು ನೇರವಾಗಿ ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ. ಅದು ಆತುರ.

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಮೋಟಾರಿಗೆ ಹೊರೆ ಹೆಚ್ಚುತ್ತದೆ. ಹಾಗಾಗಿ ಮಧ್ಯಾಹ್ನ ಬಚ್ಚಿಟ್ಟುಕೊಂಡ ದೋಷ ಬೆಳಗ್ಗೆ ಹೊರಬೀಳುತ್ತದೆ.

ಮಲ್ಟಿಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೇ ಹಿಡಿಯಿರಿ. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬಟನ್ ಒತ್ತಿದಾಗ ಅದು 8 ವೋಲ್ಟಿಗೆ ಕುಸಿದು, ಹಾರ್ನ್ ದನಿಯೂ ಸೊರಗಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಪೂರ್ತಿ ಚಾರ್ಜ್ ಮಾಡಿಸಿ ಮತ್ತೆ ನೋಡಿ. ಆಗಲೂ ಕುಸಿದರೆ ಬದಲಿಸಿ.

ಬಟನ್ ಒತ್ತಿದಾಗಲೂ 12ರ ಮೇಲೆಯೇ ನಿಂತು ಮೋಟಾರ್ ತಿರುಗದಿದ್ದರೆ ಕರೆಂಟ್ ದಾರಿಯಲ್ಲೇ ತಡೆದಿದೆ. ಮೀಟರಿನ ಒಂದು ಕಡ್ಡಿಯನ್ನು ಕಂಬಕ್ಕೂ ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ವೈರಿನ ತುದಿಗೂ ಇಟ್ಟು ಬಟನ್ ಒತ್ತಿ. ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ಮೀರಿದರೆ ಟರ್ಮಿನಲ್ ಸಡಿಲ, ಇಲ್ಲವೇ ಬಿಳಿ ಪುಡಿ ಕಟ್ಟಿದೆ. ಎರಡೂ ಕಂಬಗಳನ್ನು ಪರೀಕ್ಷಿಸಿ. ಮೈನಸ್ ವೈರನ್ನು ಮೊದಲು ಬಿಚ್ಚಿ, ಉಜ್ಜಿ, ಬಿಗಿಯಿರಿ, ಖರ್ಚೇ ಇಲ್ಲ.

ಇಷ್ಟೆಲ್ಲ ಸರಿಯಿದ್ದು ರಿಲೇ ಕಟ್ ಎಂದರೂ ಮೋಟಾರ್ ಅಲುಗದಿದ್ದರೆ ರಿಲೇ ಅಥವಾ ಮೋಟಾರ್ ಕೆಟ್ಟಿದೆ. ಮೋಟಾರಿನಲ್ಲಿ ಬಹಳಷ್ಟು ಸಲ ಸವೆಯುವುದು ಕಾರ್ಬನ್ ಬ್ರಷ್. ಇಡೀ ಮೋಟಾರ್ ಬದಲಿಸುವ ಮುನ್ನ ಬ್ರಷ್ ನೋಡುವಂತೆ ಮೆಕ್ಯಾನಿಕ್‌ಗೆ ಹೇಳಿ.