ಕೆಂಪಕ್ಷರ ಮಸುಕಾಗುವುದೇಕೆ?

ಬಿಳಿ ಹಿನ್ನೆಲೆಯಲ್ಲಿ ಕೆಂಪಕ್ಷರವಿರುವ ಮದುವೆ ಕರೆಯೋಲೆ ಮೊಬೈಲಿಗೆ ಜೆಪೆಗ್ ಚಿತ್ರವಾಗಿ ಬಂದಿದ್ದರೆ ಒಮ್ಮೆ ಹಿಗ್ಗಿಸಿ ನೋಡಿ. ಎಷ್ಟೋ ಸಲ ಒತ್ತಕ್ಷರಗಳ ಸಣ್ಣ ಗೆರೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಗುಲಾಬಿ ಹರಡಿಕೊಂಡಿರುತ್ತದೆ. ಅದೇ ಕಾರ್ಡಿನ ಕಪ್ಪಕ್ಷರಕ್ಕೆ ಈ ಗತಿ ಬಂದಿರುವುದಿಲ್ಲ.

ಪರದೆಗೆ ಬೇಕಾದದ್ದು ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಯ ಪ್ರಮಾಣ. ಒಂದೊಂದೂ 0ಯಿಂದ 255ರವರೆಗೆ. ಜೆಪೆಗ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸುವ ಮೊದಲು ಇವನ್ನು ಬೇರೆ ಮೂರು ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಹೊಳಪು:

```
Y = 0.299 R + 0.587 G + 0.114 B
```

ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಕಾಗಿ ಕಾಣುವುದರಿಂದ ಅದಕ್ಕೆ ದೊಡ್ಡ ಪಾಲು. ಉಳಿದೆರಡು, Cb ಮತ್ತು Cr, ನೀಲಿ ಮತ್ತು ಕೆಂಪು ಈ ಹೊಳಪಿನಿಂದ ಎಷ್ಟು ದೂರ ಸರಿದಿವೆ ಎಂದು ಹೇಳುತ್ತವೆ. ಬಣ್ಣವೇ ಇಲ್ಲದ ಕಡೆ ಎರಡೂ 128. ಹೊಳಪನ್ನು ಹೀಗೆ ಬೇರ್ಪಡಿಸುವ ಯೋಚನೆ ಟಿವಿ ಕಾಲದ್ದು. 1953ರಲ್ಲಿ ಅಮೆರಿಕ ಒಪ್ಪಿಕೊಂಡ ಬಣ್ಣದ ಪ್ರಸಾರವನ್ನು ಹಳೆಯ ಕಪ್ಪು-ಬಿಳುಪು ಟಿವಿಗಳೂ ತೋರಿಸಬೇಕಿತ್ತು. ಅವುಗಳಿಗೆ ಹೊಳಪಷ್ಟೇ ಸಾಕಾಗಿತ್ತು.

ಈ ಲೆಕ್ಕದಿಂದಲೇ ಫೈಲು ಚಿಕ್ಕದಾಗುವುದಿಲ್ಲ, ಮೂರು ಹೋಗಿ ಮೂರೇ ಬಂದವಲ್ಲ! ಉಳಿತಾಯ ಮುಂದಿನ ಹಂತದಲ್ಲಿದೆ. ಕಣ್ಣು ಬೆಳಕು-ನೆರಳಿನ ಸೂಕ್ಷ್ಮ ಗೆರೆಯನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಗೆರೆಯನ್ನು ಗುರುತಿಸದು. ಹಾಗಾಗಿ 4:2:0 ಎಂಬ ಕ್ರಮದಲ್ಲಿ ಅಕ್ಕಪಕ್ಕ, ಮೇಲೆಕೆಳಗೆ ಸೇರಿ ನಾಲ್ಕು ಪಿಕ್ಸೆಲ್‌ಗಳಿಗೆ ನಾಲ್ಕು Y ಇಟ್ಟುಕೊಂಡು, Cb ಒಂದು, Cr ಒಂದು ಮಾತ್ರ ಉಳಿಸುತ್ತಾರೆ. ಹನ್ನೆರಡು ಸಂಖ್ಯೆ ಆರಕ್ಕೆ ಇಳಿಯಿತು. ಮುಖ, ಮರ, ಆಕಾಶದ ಫೋಟೋಗಳಲ್ಲಿ ಇದು ಹೆಚ್ಚಾಗಿ ಗೊತ್ತೇ ಆಗುವುದಿಲ್ಲ.

ಕರೆಯೋಲೆಯಲ್ಲಿ ಗೊತ್ತಾಗುತ್ತದೆ. ನಾಲ್ಕು ಪಿಕ್ಸೆಲ್‌ಗಳ ಒಂದು ಚೌಕದಲ್ಲಿ ಎರಡು ಅಕ್ಷರದ ಅಪ್ಪಟ ಕೆಂಪು, ಎರಡು ಕಾಗದದ ಬಿಳಿ ಎಂದುಕೊಳ್ಳಿ. ಕೆಂಪಿಗೆ Y 76, Cb 85, Cr 255. ಬಿಳಿಗೆ Y 255, ಉಳಿದೆರಡೂ 128. ಸರಾಸರಿ ತೆಗೆದರೆ Cb ಸುಮಾರು 107, Cr ಸುಮಾರು 192. ಈಗ ನಾಲ್ಕಕ್ಕೂ ಇದೇ ಬಣ್ಣದ ಪಾಲು. ಮತ್ತೆ ಪರದೆಯ ಲೆಕ್ಕಕ್ಕೆ ತಂದಾಗ 255, 0, 0 ಇದ್ದ ಕೆಂಪು ಹೆಚ್ಚುಕಡಿಮೆ 165, 38, 38 ಆಗುತ್ತದೆ: ಅದೇ ಇಟ್ಟಿಗೆ ಬಣ್ಣ. ಬಿಳಿ 255, 217, 217ಕ್ಕೆ ಜಾರಿ ಗುಲಾಬಿಯಾಗುತ್ತದೆ. ಕಪ್ಪಿಗೂ ಬಿಳಿಗೂ Cb, Cr ಎರಡೂ 128 ಆದ್ದರಿಂದ ಸರಾಸರಿಯಲ್ಲಿ ಕೆಡುವುದಕ್ಕೆ ಅಲ್ಲಿ ಬಣ್ಣವೇ ಇಲ್ಲ.

ಅಕ್ಷರವೇ ಮುಖ್ಯವಾದ ಚಿತ್ರಕ್ಕೆ ಪಿಎನ್‌ಜಿ ಒಳ್ಳೆಯದು ಎನ್ನುತ್ತೇನೆ. ಜೆಪೆಗ್ಗೇ ಬೇಕೆಂದರೆ ಬಣ್ಣವನ್ನು ಕಡಿತಗೊಳಿಸದ 4:4:4 ಆರಿಸಬೇಕು. ಇಮೇಜ್‌ಮ್ಯಾಜಿಕ್ ಬಳಸುವವರು ಹೀಗೆ ಬರೆಯಬಹುದು:

```
magick card.png -sampling-factor 4:4:4 card.jpg
```

ಫೈಲು ತುಸು ದೊಡ್ಡದಾಗುತ್ತದೆ. ಆದರೆ ಇದನ್ನು ಮೂಲ ಚಿತ್ರದಿಂದಲೇ ಮಾಡಬೇಕು. ಒಮ್ಮೆ 4:2:0 ಆದ ಜೆಪೆಗ್ಗನ್ನು 4:4:4ರಲ್ಲಿ ಮತ್ತೆ ಉಳಿಸಿದರೆ ಮಸುಕಾದ ಕೆಂಪೇ ಹೆಚ್ಚು ಜಾಗ ತಿನ್ನುತ್ತದೆ.