ಐವತ್ತೇಳರ ವಯಸ್ಸಿನಲ್ಲಿ ವಿಆರ್‌ಎಸ್ ಲೆಕ್ಕ

ಕಂಪನಿ ಅಥವಾ ಬ್ಯಾಂಕು ಸ್ವಯಂ ನಿವೃತ್ತಿ ಯೋಜನೆ ಪ್ರಕಟಿಸಿದ ದಿನ ಎಲ್ಲರ ಕಣ್ಣು ಮೊದಲು ಹೋಗುವುದು ಒಂದೇ ಸಾಲಿಗೆ: ಪೂರ್ಣಗೊಳಿಸಿದ ಪ್ರತಿ ವರ್ಷದ ಸೇವೆಗೆ ಎರಡು ತಿಂಗಳ ಸಂಬಳ. ಮೂವತ್ತಮೂರು ವರ್ಷ ಸರ್ವಿಸ್ ಆದವರು ಕೂಡಲೇ ಅರವತ್ತಾರು ತಿಂಗಳು ಎಂದು ಗುಣಿಸಿಕೊಂಡು, ಮನೆಯಲ್ಲಿ ಆ ಮೊತ್ತವನ್ನೇ ಹೇಳುತ್ತಾರೆ. ಆದರೆ ಹಿರಿಯ ನೌಕರರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಮುಂದಿನ ಸಾಲು. ಅಲ್ಲಿ, ‘ಅಥವಾ ನಿವೃತ್ತಿಗೆ ಉಳಿದಿರುವ ತಿಂಗಳುಗಳ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅದು’ ಎಂಬ ಅರ್ಥದ ಮಾತಿರುತ್ತದೆ.

2000ನೇ ಇಸವಿಯಲ್ಲಿ ಸರ್ಕಾರಿ ಬ್ಯಾಂಕುಗಳು ತಂದ ವಿಆರ್‌ಎಸ್‌ನ ಸೂತ್ರ ಇದೇ ಆಗಿತ್ತು. ಹದಿನೈದು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ದಾಟಿದವರು ಅರ್ಜಿ ಹಾಕಬಹುದಿತ್ತು. ಪ್ರತಿ ವರ್ಷದ ಸೇವೆಗೆ 60 ದಿನಗಳ ಸಂಬಳ, ಅಥವಾ ಉಳಿದ ತಿಂಗಳುಗಳ ಸಂಬಳ, ಯಾವುದು ಕಡಿಮೆಯೋ ಅದು. ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಆ ಯೋಜನೆಯಲ್ಲಿ ಬ್ಯಾಂಕು ಬಿಟ್ಟರು. ಇನ್ನೂ ಅನೇಕ ಸಂಸ್ಥೆಗಳು ಇದೇ ಅಚ್ಚಿನಲ್ಲಿ ಯೋಜನೆ ರೂಪಿಸುತ್ತವೆ.

ಒಬ್ಬ ಅಧಿಕಾರಿಯನ್ನು ಊಹಿಸಿಕೊಳ್ಳೋಣ. ಇಪ್ಪತ್ತನಾಲ್ಕಕ್ಕೆ ಕೆಲಸಕ್ಕೆ ಸೇರಿದವರು, ಈಗ ಐವತ್ತೇಳು, ನಿವೃತ್ತಿ ಅರವತ್ತಕ್ಕೆ. ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 90,000 ರೂಪಾಯಿ. ಸೇವೆಯ ಲೆಕ್ಕದಲ್ಲಿ 66 ತಿಂಗಳು, ಅಂದರೆ 59 ಲಕ್ಷ 40 ಸಾವಿರ. ಉಳಿದ ಸೇವೆಯ ಲೆಕ್ಕದಲ್ಲಿ 36 ತಿಂಗಳು, ಅಂದರೆ 32 ಲಕ್ಷ 40 ಸಾವಿರ. ಕೈಗೆ ಬರುವುದು ಎರಡನೆಯದು. ಇವರೇ ಐವತ್ತೈದರಲ್ಲಿ ಹೊರಟಿದ್ದರೆ ಸೇವೆಯ ಲೆಕ್ಕ 62 ತಿಂಗಳು, ಉಳಿದದ್ದು 60 ತಿಂಗಳು; ಹೆಚ್ಚುಕಡಿಮೆ ಎರಡೂ ಸಮ. ಈ ಸೂತ್ರದಲ್ಲಿ ಪರಿಹಾರ ಗರಿಷ್ಠವಾಗುವುದು ಅಲ್ಲೇ. ಅಲ್ಲಿಯವರೆಗೆ ಪ್ರತಿ ವರ್ಷ ಎರಡು ತಿಂಗಳ ಸಂಬಳದಷ್ಟು ಏರುತ್ತದೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಹನ್ನೆರಡು ತಿಂಗಳ ಸಂಬಳದಷ್ಟು ಇಳಿಯುತ್ತದೆ. ಐವತ್ತೊಂಬತ್ತಕ್ಕೆ ಹೊರಟರೆ ಒಂದು ವರ್ಷದ ಸಂಬಳವಷ್ಟೇ.

ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿ ಇನ್ನೊಂದು ಸೂತ್ರವಿದೆ. ಗುಜರಾತ್ ಮಾದರಿ ಎಂದೇ ಅದರ ಹೆಸರು. ಅಲ್ಲಿ ‘ಅಥವಾ’ ಇಲ್ಲ, ಕೂಡಿಸುವುದಿದೆ: ಮುಗಿಸಿದ ಪ್ರತಿ ವರ್ಷಕ್ಕೆ 35 ದಿನ, ಉಳಿದ ಪ್ರತಿ ವರ್ಷಕ್ಕೆ 25 ದಿನ. ಬಿಎಸ್‌ಎನ್‌ಎಲ್ 2019ರಲ್ಲಿ ಐವತ್ತು ದಾಟಿದವರ ಮುಂದಿಟ್ಟದ್ದು ಇದನ್ನೇ. 2020ರ ಜನವರಿ 31ರಂದು ಸುಮಾರು 78 ಸಾವಿರ ಜನ ಒಟ್ಟಿಗೆ ಹೊರಬಂದರು. ಕೂಡಿಸುವ ಸೂತ್ರದಲ್ಲಿ ಒಂದು ವಿಶೇಷವಿದೆ. ಒಂದು ವರ್ಷ ಹೆಚ್ಚು ದುಡಿದರೆ 35 ದಿನ ಸೇರುತ್ತದೆ, ಅದೇ ವರ್ಷ ಉಳಿದ ಸೇವೆಯಿಂದ 25 ದಿನ ಹೋಗುತ್ತದೆ. ನಿಕ್ಕಿ ಏರಿಕೆ ಹತ್ತೇ ದಿನ. ಹಾಗಾಗಿ ಐವತ್ತರವರಿಗೂ ಐವತ್ತೈದರವರಿಗೂ ದಿನಗಳ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಅಧಿಕಾರಿಗೆ ಈ ಸೂತ್ರ ಹಾಕಿದರೆ 1,155 ದಿನದ ಜೊತೆ 75 ದಿನ, ಒಟ್ಟು 1,230 ದಿನ. ತಿಂಗಳಿಗೆ ಮೂವತ್ತು ದಿನವೆಂದರೆ 41 ತಿಂಗಳು. ಆದರೆ ಸಾರ್ವಜನಿಕ ಉದ್ಯಮಗಳ ಇಲಾಖೆಯ ನಿಯಮದಂತೆ ಪರಿಹಾರ ಉಳಿದ ಅವಧಿಯ ಸಂಬಳವನ್ನು ಮೀರುವಂತಿಲ್ಲ. ಮತ್ತೆ 36 ತಿಂಗಳೇ. ಸೂತ್ರ ಬೇರೆಯಾದರೂ ಹಿರಿಯರ ಮೊತ್ತ ಬಂದು ನಿಲ್ಲುವುದು ಅದೇ ಜಾಗದಲ್ಲಿ.

ಹಾಗಾದರೆ ಮೂರು ವರ್ಷ ಕೆಲಸ ಮಾಡಿ ಪಡೆಯಬಹುದಾದ ಹಣವನ್ನೇ ಈಗ ಕೊಡುತ್ತಾರೆ, ಇದರಲ್ಲಿ ಲಾಭವೇನು? ಉತ್ತರ ಪಿಂಚಣಿಯಲ್ಲಿದೆ. ಬ್ಯಾಂಕಿನ ಪಿಂಚಣಿ ಯೋಜನೆಯಂಥದ್ದು ಇದ್ದು, ವಿಆರ್‌ಎಸ್‌ನ ಮರುದಿನದಿಂದಲೇ ಪಿಂಚಣಿ ಶುರುವಾಗುವುದಾದರೆ ಮೂರು ವರ್ಷ ಎರಡೂ ಒಟ್ಟಿಗೆ ಸಿಕ್ಕಂತೆ. ಪಿಂಚಣಿ 45,000 ಎಂದಿಟ್ಟುಕೊಂಡರೆ 36 ತಿಂಗಳಿಗೆ 16 ಲಕ್ಷ 20 ಸಾವಿರ. ಕೆಲಸದಲ್ಲಿ ಮುಂದುವರಿದಿದ್ದರೆ ಈ ಹಣ ಬರುತ್ತಲೇ ಇರಲಿಲ್ಲ. ಇದಕ್ಕೆದುರಾಗಿ ಬಿಟ್ಟುಹೋಗುವ ಬಾಬ್ತುಗಳೂ ಇವೆ: ಮನೆ ಬಾಡಿಗೆ ಭತ್ಯೆ, ಮೂರು ಇಂಕ್ರಿಮೆಂಟು, ಡಿಎ ಏರಿಕೆ. ವಿಆರ್‌ಎಸ್ ಮೊತ್ತ ಇಂದಿನ ಬೇಸಿಕ್ ಮತ್ತು ಡಿಎ ಮೇಲಷ್ಟೇ ಕಟ್ಟಿದ್ದು. ಇಪಿಎಸ್ ಪಿಂಚಣಿ ಮಾತ್ರ ಇರುವ ಖಾಸಗಿ ಕಂಪನಿಯ ನೌಕರರ ಕಥೆಯೇ ಬೇರೆ. ಅದು ಪೂರ್ತಿ ಸಿಗುವುದು 58ಕ್ಕೆ. ಅದಕ್ಕೂ ಮೊದಲು ಬೇಕೆಂದರೆ ವರ್ಷಕ್ಕೆ ಶೇ. 4ರಷ್ಟು ಕಡಿತ. ಅಂಥವರಿಗೆ ಐವತ್ತೇಳರಲ್ಲಿ ವಿಆರ್‌ಎಸ್ ಎಂದರೆ ಬಹುಪಾಲು ಮುಂಗಡ ಸಂಬಳ. ಆರೋಗ್ಯ, ಮನೆಯ ಜವಾಬ್ದಾರಿ, ಕಂಪನಿ ಉಳಿಯುತ್ತದೋ ಇಲ್ಲವೋ ಎಂಬ ಭಯ, ಇಂಥ ಬೇರೆ ಕಾರಣ ಇಲ್ಲದಿದ್ದರೆ ಹಣದ ಆಸೆಗೆ ಸಹಿ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಗ್ರಾಚ್ಯುಟಿ, ಪಿಎಫ್, ರಜೆ ನಗದೀಕರಣ ಹೇಗೂ ಬರಬೇಕಾದ ಹಣ. ಅವನ್ನೂ ಸೇರಿಸಿ ದೊಡ್ಡ ಮೊತ್ತ ತೋರಿಸಿದರೆ ಬೇರ್ಪಡಿಸಿಯೇ ನೋಡಬೇಕು.

ತೆರಿಗೆಯ ಲೆಕ್ಕ ಇನ್ನೂ ಇದೆ. ವಿಆರ್‌ಎಸ್ ಪರಿಹಾರದಲ್ಲಿ ತೆರಿಗೆ ವಿನಾಯಿತಿ ಐದು ಲಕ್ಷಕ್ಕೆ ಮಾತ್ರ, ಅದೂ ಜೀವನದಲ್ಲಿ ಒಮ್ಮೆ. ಉಳಿದ 27 ಲಕ್ಷ 40 ಸಾವಿರ ಒಂದೇ ವರ್ಷದ ಆದಾಯವಾಗುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯ ದರದಲ್ಲಿ, ಬೇರೆ ಆದಾಯವೇ ಇಲ್ಲವೆಂದುಕೊಂಡರೂ, ತೆರಿಗೆ ನಾಲ್ಕು ಲಕ್ಷದ ಹತ್ತಿರ. ಇದೇ ಹಣ ವರ್ಷಕ್ಕೆ 10 ಲಕ್ಷ 80 ಸಾವಿರದಂತೆ ಸಂಬಳವಾಗಿ ಬಂದಿದ್ದರೆ, ಅಷ್ಟಕ್ಕೇ ತೆರಿಗೆ ಇರುತ್ತಿರಲಿಲ್ಲ. ಮಾರ್ಚ್ ಕೊನೆಗೆ ಹೊರಟರೆ ಇಡೀ ವರ್ಷದ ಸಂಬಳವೂ ಇದರ ಮೇಲೆ ಕೂರುತ್ತದೆ. ಏಪ್ರಿಲ್‌ನಲ್ಲಿ ಹೊರಟರೆ ಆ ಭಾರ ತಪ್ಪುತ್ತದೆ. ಒಂದೇ ವರ್ಷ ಬಂದ ಹಣಕ್ಕೆ ತೆರಿಗೆ ಪರಿಹಾರ ಕೇಳುವ ದಾರಿ ಕಾಯ್ದೆಯಲ್ಲಿ ಬೇರೆಯಾಗಿದೆ. ಆದರೆ ಅದನ್ನು ಕೇಳಿದರೆ ಐದು ಲಕ್ಷದ ವಿನಾಯಿತಿ ಇಲ್ಲ. ಎರಡನ್ನೂ ಲೆಕ್ಕ ಹಾಕಿಸಿ ಒಂದನ್ನು ಆರಿಸಿಕೊಳ್ಳಬೇಕು.

‘ಸಂಬಳ’ ಎಂದರೆ ಯಾವ ಶ್ರೇಣಿಯ ಸಂಬಳ ಎಂಬುದೂ ಚಿಕ್ಕ ವಿಷಯವಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ, ನೌಕರರಿಗೆ 2007ರ ವೇತನ ಶ್ರೇಣಿಯನ್ನು ಕಾಗದದ ಮೇಲೆ ಅನ್ವಯಿಸಿ ವಿಆರ್‌ಎಸ್ ಲೆಕ್ಕ ಹಾಕಲು ತೀರ್ಮಾನಿಸಿತು. ಪರಿಷ್ಕರಣೆಯಾಗದ ಹಳೆಯ ಸಂಬಳವನ್ನೇ ಹಿಡಿದಿದ್ದರೆ ಅದೇ ಸೂತ್ರಕ್ಕೆ ಸಿಗುವ ಹಣ ಬಹಳ ಕಡಿಮೆಯಾಗುತ್ತಿತ್ತು. ನಿಮ್ಮಲ್ಲಿ ವೇತನ ಒಪ್ಪಂದ ಬಾಕಿಯಿದ್ದರೆ, ಅದು ಹಿಂದಿನಿಂದ ಜಾರಿಯಾದಾಗ ವಿಆರ್‌ಎಸ್ ಮೊತ್ತವನ್ನೂ ತಿದ್ದುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ದಿನದ ಸಂಬಳಕ್ಕೆ ತಿಂಗಳನ್ನು 26ರಿಂದ ಭಾಗಿಸುತ್ತಾರೋ 30ರಿಂದಲೋ ಎಂಬುದನ್ನೂ ಕೇಳಿ. ಸಿಬ್ಬಂದಿ ದರದ ಗೃಹಸಾಲ ಇದ್ದರೆ, ಬಾಕಿಯನ್ನು ಪರಿಹಾರದಿಂದಲೇ ಮುರಿದುಕೊಳ್ಳುತ್ತಾರೆಯೇ ಎಂದು ತಿಳಿದುಕೊಳ್ಳಿ.

ಅರ್ಜಿ ಹಾಕಿದ ಮೇಲೆ ಮನಸ್ಸು ಬದಲಾದರೆ? ಬ್ಯಾಂಕುಗಳ 2000ದ ಯೋಜನೆಯ ಬಗ್ಗೆ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ನೌಕರರ ಅರ್ಜಿ ಒಂದು ಪ್ರಸ್ತಾಪ ಮಾತ್ರ, ಬ್ಯಾಂಕು ಒಪ್ಪುವ ಮೊದಲು ಅದನ್ನು ಹಿಂತೆಗೆದುಕೊಳ್ಳಬಹುದು ಎಂದು ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಆದರೆ ಪರಿಹಾರದ ಹಣ ಪಡೆದುಕೊಂಡವರಿಗೆ ಆ ಅವಕಾಶ ಉಳಿಯಲಿಲ್ಲ. ಸ್ಟೇಟ್ ಬ್ಯಾಂಕಿನ ಯೋಜನೆಯ ಷರತ್ತುಗಳು ಬೇರೆಯಾಗಿದ್ದುದರಿಂದ ಅದನ್ನು ಬೇರೆಯಾಗಿಯೇ ನೋಡಿತು. ಆದ್ದರಿಂದ ಹಿಂತೆಗೆದುಕೊಳ್ಳುವ ಕೊನೆಯ ದಿನ ಯಾವುದು ಎಂಬುದನ್ನು ನಿಮ್ಮ ಯೋಜನೆಯ ಪ್ರತಿಯಲ್ಲಿ ಹುಡುಕಿ, ತೆರಿಗೆ ಮತ್ತು ಪಿಂಚಣಿಯ ಲೆಕ್ಕವನ್ನು ಆ ದಿನಕ್ಕೆ ಮೊದಲೇ ಮುಗಿಸಿಕೊಳ್ಳಿ.